ಅಕ್ಕನ ಮನೆಯ ಸ್ಲೈಡಿಂಗ್ ಗೇಟಿಗೆ ಮೋಟರ್: ಓಡಿಸುವುದು ಸುಲಭ, ನಿಲ್ಲಿಸುವುದೇ ಕೆಲಸ

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿರುವ ಅಕ್ಕನ ಮನೆ ಗೇಟಿಗೆ ಮೋಟರ್ ಕೂರಿಸಿದ್ದೇನೆ. ಮೂವತ್ತು–ನಲವತ್ತರ ಸೈಟು. ಮುಂದೆ ಮೂವತ್ತು ಅಡಿ ಇರುವುದರಿಂದ ಹನ್ನೆರಡು ಅಡಿ ಗೇಟು ಪೂರ್ತಿ ಪಕ್ಕಕ್ಕೆ ಸರಿಯಲು ಜಾಗ ಸಿಗುತ್ತದೆ. ಗೇಟು ತೆಗೆಯುವ, ಹಾಕುವ ಭಾಗ ಬೇಗನೇ ಆಯಿತು. ಅದು ಎಲ್ಲಿ ನಿಲ್ಲಬೇಕು, ಏನಾದರೂ ಅಡ್ಡ ಬಂದರೆ ಎಷ್ಟು ಬೇಗ ನಿಲ್ಲಬೇಕು ಎನ್ನುವುದಕ್ಕೇ ಜಾಸ್ತಿ ಸಮಯ ಹಿಡಿಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಬೀದಿ ನಾಯಿಗಳು ಹಳಿಯ ಮೇಲೇ ಮಲಗುತ್ತವೆ. ಹಾಗಾಗಿ ಈ ಬರಹದಲ್ಲಿ ಆ ಭಾಗವನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಗೇಟಿನ ವಿಷಯ. ನಮ್ಮಲ್ಲಿ ಕಬ್ಬಿಣದ ಗೇಟನ್ನು ತೂಕದ ಲೆಕ್ಕದಲ್ಲೇ ಮಾಡಿಕೊಡುತ್ತಾರೆ, ಅಲ್ವಾ? ಅಕ್ಕ ಹಳೇ ಬಿಲ್ಲು ಇಟ್ಟುಕೊಂಡಿದ್ದಳು. 280 ಕೆಜಿ ಎಂದು ಅದರಲ್ಲೇ ಸಿಕ್ಕಿತು. ಆದರೆ ಮೋಟರಿಗೆ ಬೇಕಿರುವುದು ಗೇಟಿನ ತೂಕವಲ್ಲ, ಅದನ್ನು ಎಳೆಯಲು ಬೇಕಾದ ಬಲ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದನ್ನು ಗೇಟಿಗೆ ಸಿಕ್ಕಿಸಿ ಮೆಲ್ಲಗೆ ಎಳೆದೆ. ಗೇಟು ಕದಲುವಾಗ 12 ಕೆಜಿ ತೋರಿಸಿತು. ಉರುಳುವಾಗ 6 ಕೆಜಿ. ಉರುಳುವಾಗಲೇ 20 ಕೆಜಿ ದಾಟುತ್ತಿದ್ದರೆ ಮೋಟರ್ ಕೊಳ್ಳುವ ಬದಲು ಗಾಲಿ, ಬೇರಿಂಗ್, ಹಳಿ ಸರಿಮಾಡಿಸಬೇಕಿತ್ತು. ಭಾರವಾಗಿ ಉರುಳುವ ಗೇಟಿನಲ್ಲಿ ಅಡ್ಡ ಬಂದದ್ದನ್ನು ಪತ್ತೆ ಹಚ್ಚುವುದೂ ಕಷ್ಟ. ಕಾರಣ ಮುಂದೆ ಬರುತ್ತದೆ.

ಮೋಟರ್ 24 ವೋಲ್ಟ್ ಡಿಸಿ, ವರ್ಮ್ ಗೇರ್‌ಬಾಕ್ಸ್ ಇರುವುದು. ಕರೆಂಟ್ ಹೋದಾಗ ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿದರೆ ಕೆಲಸ ನಡೆಯುತ್ತದೆ ಎಂದು ಡಿಸಿ ಆರಿಸಿದೆ. ಗೇಟಿಗೆ ಬಿಗಿದ ಹಲ್ಲಿನ ಪಟ್ಟಿಯೇ ರ‍್ಯಾಕ್, ಅದನ್ನು ಎಳೆಯುವ ಮೋಟರಿನ ಗೇರ್ ಪಿನಿಯನ್. ಪಿನಿಯನ್ 4 ಮಾಡ್ಯೂಲ್, 16 ಹಲ್ಲು. ಒಂದು ಸುತ್ತಿಗೆ ಗೇಟು 20 ಸೆಂಮೀ ಸರಿಯುತ್ತದೆ. ಪಿನಿಯನ್ ಸೆಕೆಂಡಿಗೆ ಒಂದು ಸುತ್ತು ತಿರುಗುವುದರಿಂದ ಗೇಟಿನ ವೇಗವೂ ಸೆಕೆಂಡಿಗೆ 20 ಸೆಂಮೀ. ರ‍್ಯಾಕ್ ಕೂರಿಸುವಾಗ ಪಿನಿಯನ್ ಹಲ್ಲಿಗೂ ರ‍್ಯಾಕಿಗೂ ನಡುವೆ ಒಂದೂವರೆ ಮಿಮೀ ಸಂದು ಬಿಡಬೇಕು. ಇಡೀ ಉದ್ದಕ್ಕೂ ಗೇಟನ್ನು ಕೈಯಲ್ಲಿ ತಳ್ಳಿ ಅದನ್ನು ನೋಡಬೇಕು. ಸಂದು ಇಲ್ಲದಿದ್ದರೆ ಗೇಟಿನ ಭಾರ ಗಾಲಿ ಬಿಟ್ಟು ಗೇರ್‌ಬಾಕ್ಸಿನ ಶಾಫ್ಟ್ ಮೇಲೆ ಕೂರುತ್ತದೆ.

ಎರಡು ತುದಿ

ಗೇಟು ತುದಿ ತಲುಪಿದಾಗ ಮೋಟರ್ ನಿಲ್ಲಿಸುವ ಲಿಮಿಟ್ ಸ್ವಿಚ್‌ಗೂ ಮೊದಲು ಸ್ಟಾಪರ್ ಬೇಕು. ಎರಡು ತುದಿಯಲ್ಲೂ ದಪ್ಪ ಕಬ್ಬಿಣದ ಆಂಗಲ್ ಅನ್ನು ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹಾಕಿ ಬಿಗಿಸಿದೆವು. ಮೇಲಿನ ಗೈಡ್ ರೋಲರ್‌ಗಳನ್ನೂ ಬದಲಿಸಿದೆವು. "ಸ್ವಿಚ್ ಇದೆಯಲ್ಲ ಸಾರ್, ಇಷ್ಟು ದಪ್ಪದ್ದು ಬೇಕಾ?" ಎಂದು ವೆಲ್ಡರ್ ಕೇಳಿದರು. ಬೇಕು. ಸ್ವಿಚ್ ಕೆಟ್ಟ ದಿನ ಗೇಟು ಗೈಡಿನಿಂದ ಆಚೆ ಹೋದರೆ 280 ಕೆಜಿ ಕಬ್ಬಿಣ ರಸ್ತೆಗೋ ಅಂಗಳಕ್ಕೋ ಬೀಳುತ್ತದೆ. ಬೇರೆ ಯಾವ ಭಾಗದಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು.

ಸ್ವಿಚ್‌ಗಳಿಗೆ ರೋಲರ್ ಲಿವರ್ ಇರುವ, ನೀರು ಒಳಗೆ ಹೋಗದ ಡಬ್ಬಿಯವನ್ನು ಎಸ್.ಪಿ. ರೋಡಿನಲ್ಲಿ ತಂದೆ. ಗೇಟಿನ ಕೆಳಪಟ್ಟಿಗೆ ಎರಡು ಇಳಿಜಾರು ತಗಡು ಬೋಲ್ಟ್ ಮಾಡಿದೆ. ಗೇಟು ತುದಿ ತಲುಪಿದಾಗ ತಗಡು ಲಿವರನ್ನು ಒತ್ತುತ್ತದೆ. ಈ ತಗಡಿನ ಉದ್ದ ತುಂಬಾ ಮುಖ್ಯ. ಸ್ವಿಚ್ ಒತ್ತಿದ ತಕ್ಷಣ ಗೇಟು ನಿಲ್ಲುವುದಿಲ್ಲ, ಇನ್ನೂ ಸ್ವಲ್ಪ ಜಾರುತ್ತದೆ. ತಗಡು ಎರಡು ಬೆರಳಗಲ ಮಾತ್ರ ಇದ್ದರೆ ಗೇಟು ಜಾರಿ ಮುಂದೆ ಹೋಗಿ ಲಿವರ್ ಮತ್ತೆ ಮೇಲಕ್ಕೇಳುತ್ತದೆ. ಆಗ ಮೋಟರನ್ನು ನಡೆಸುವ ಕಂಟ್ರೋಲರಿಗೆ, ಅಂದರೆ ಆರ್ಡುಯಿನೋ ನ್ಯಾನೋಗೆ, ಗೇಟು ಇನ್ನೂ ಮಧ್ಯದಲ್ಲಿ ಇರುವಂತೆಯೇ ಕಾಣುತ್ತದೆ. ಮುಂದಿನ ಸಲ ಬಟನ್ ಒತ್ತಿದಾಗ ಅದೇ ದಿಕ್ಕಿಗೆ ತಳ್ಳಿ ಸ್ಟಾಪರಿಗೆ ಗುದ್ದಬಹುದು. ನಾನು 15 ಸೆಂಮೀ ಉದ್ದದ ತಗಡು ಹಾಕಿದ್ದೇನೆ. ಗೇಟು ಸ್ಟಾಪರಿಗೆ ತಾಗಿ ನಿಂತರೂ ಲಿವರ್ ಒತ್ತಿಕೊಂಡೇ ಇರುತ್ತದೆ. ಪರೀಕ್ಷೆ ಸುಲಭ: ಕ್ಲಚ್ ಕೀ ತಿರುಗಿಸಿ ಮೋಟರ್ ಬಿಡಿಸಿ, ಗೇಟನ್ನು ಕೈಯಲ್ಲಿ ಸ್ಟಾಪರಿಗೆ ತಾಗಿಸಿ, ಮಲ್ಟಿಮೀಟರಿನಲ್ಲಿ ಸ್ವಿಚ್ ನೋಡಿ.

ಇನ್ನು ವೈರಿಂಗ್. ಬಹಳ ಜನ ಲಿಮಿಟ್ ಸ್ವಿಚ್‌ನ ವೈರನ್ನು ನೇರ ಆರ್ಡುಯಿನೋ ಪಿನ್ನಿಗೆ ಕೊಟ್ಟು, ನಿಲ್ಲಿಸುವುದನ್ನು ಪ್ರೋಗ್ರಾಮಿಗೆ ಬಿಡುತ್ತಾರೆ. ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡರೆ ಆಗ ಗೇಟನ್ನು ನಿಲ್ಲಿಸುವವರೇ ಇಲ್ಲ. ನಾನು ಸ್ವಿಚ್‌ಗಳನ್ನು ರಿಲೇ ಕಾಯಿಲ್‌ನ ದಾರಿಯಲ್ಲೇ ಇಟ್ಟಿದ್ದೇನೆ. ತೆರೆಯುವ ರಿಲೇಯ ಕಾಯಿಲ್‌ಗೆ ಹೋಗುವ 24 ವೋಲ್ಟ್ ಮೊದಲು ತೆರೆದ ತುದಿಯ ಸ್ವಿಚ್ ದಾಟಬೇಕು. ಮುಚ್ಚುವ ರಿಲೇಗೆ ಮುಚ್ಚಿದ ತುದಿಯ ಸ್ವಿಚ್. ಎರಡರಲ್ಲೂ ಒತ್ತದಿದ್ದಾಗ ಕೂಡಿರುವ, ಒತ್ತಿದಾಗ ಬಿಡುವ ಕಾಂಟ್ಯಾಕ್ಟನ್ನೇ ಬಳಸಿದೆ. ಲಿವರ್ ಒತ್ತಿದ ಕೂಡಲೇ ರಿಲೇ ಬೀಳುತ್ತದೆ, ಕಂಟ್ರೋಲರ್ ಏನೇ ಹೇಳುತ್ತಿರಲಿ. ಇಲಿ ವೈರ್ ಕಡಿದರೂ ರಿಲೇ ಬೀಳುತ್ತದೆ, ಗೇಟು ಆ ದಿಕ್ಕಿಗೆ ಹೋಗುವುದೇ ಇಲ್ಲ. ಒಂದು ತುದಿಯಲ್ಲಿ ನಿಂತಿದ್ದರೂ ಇನ್ನೊಂದು ದಿಕ್ಕಿನ ರಿಲೇ ಬೇರೆಯೇ ಆದ್ದರಿಂದ ವಾಪಸ್ ಬರಲು ಅಡ್ಡಿಯಿಲ್ಲ. ಕಂಟ್ರೋಲರ್ ಅದೇ ವೈರನ್ನು ಆಪ್ಟೋಕಪ್ಲರ್ ಮೂಲಕ ಸುಮ್ನೆ ಗಮನಿಸುತ್ತದೆ. ಎರಡೂ ತುದಿ ಒಟ್ಟಿಗೆ ಒತ್ತಿದಂತೆ ಕಂಡರೆ ಅದು ಆಗಲಾರದ ಮಾತು, ಎಲ್ಲೋ ವೈರ್ ಹೋಗಿದೆ. ಬಝರ್ ಕೂಗಿಸಿ ಸುಮ್ಮನಾಗುತ್ತದೆ.

ಎರಡೂ ರಿಲೇಗಳನ್ನು ಮೋಟರಿನ ಒಂದೊಂದು ತುದಿಗೆ ಕೊಟ್ಟಿದ್ದೇನೆ. ಎರಡೂ ಬಿದ್ದಾಗ ಮೋಟರಿನ ಎರಡು ತುದಿಗಳು ಒಂದೇ ಕಡೆ ಸೇರಿ ಶಾರ್ಟ್ ಆಗುತ್ತವೆ, ಅದೇ ಬ್ರೇಕ್. ಆ ಸೇರುವ ಜಾಗದಿಂದ ನೆಗೆಟಿವ್‌ಗೆ ಹೋಗುವ ದಾರಿಯಲ್ಲಿ ಒಂದು ಮಾಸ್ಫೆಟ್ ಇದೆ. ವೇಗ ಕಡಿಮೆ ಮಾಡುವುದು ಅದರ ಕೆಲಸ. ಕಂಟ್ರೋಲರ್ ತಾನಾಗಿ ನಿಲ್ಲಿಸುವಾಗ ಮೊದಲು ಮಾಸ್ಫೆಟ್ ಆಫ್ ಮಾಡಿ ಆಮೇಲೆ ರಿಲೇ ಬಿಡಿಸುತ್ತದೆ. ಹಾಗೆ ಮಾಡಿದರೆ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರುವುದಿಲ್ಲ.

ಕರೆಂಟ್ ನೋಡಿ ಅಡ್ಡಿ ತಿಳಿಯುವುದು

ಗೇಟಿಗೆ ಏನಾದರೂ ತಾಗಿದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಎಸಿಎಸ್712 ಎನ್ನುವ 20 ಆಂಪ್ ಸೆನ್ಸರನ್ನು ಮೋಟರಿನ ಒಂದು ವೈರಿನಲ್ಲೇ ಹಾಕಿದೆ. ಸಪ್ಲೈ ವೈರಿನಲ್ಲಿ ಹಾಕಿದರೆ ವೇಗ ತಗ್ಗಿಸಿದಾಗ ಮೋಟರಿನ ನಿಜವಾದ ಕರೆಂಟ್ ಗೊತ್ತಾಗುವುದಿಲ್ಲ. ಇದು ಆಂಪಿಗೆ 100 ಮಿಲಿವೋಲ್ಟ್ ಕೊಡುತ್ತದೆ. ಆರ್ಡುಯಿನೋ ನ್ಯಾನೋದಲ್ಲಿ ಒಂದು ಎಣಿಕೆ ಎಂದರೆ ಸುಮಾರು 0.05 ಆಂಪ್.

ಗೇಟು ಓಡಿಸಿ ಕರೆಂಟ್ ಬರೆದುಕೊಂಡೆ. ಶುರುವಿನಲ್ಲಿ ಒಂದು ಕ್ಷಣ 9 ಆಂಪ್ ಏರಿತು. ಆಮೇಲೆ 2.3ರಿಂದ 2.6ರ ನಡುವೆ ನಿಂತಿತು. ಮುಚ್ಚುವಾಗ ಎಂಟನೇ ಅಡಿಯ ಹತ್ತಿರ ಮಾತ್ರ 3.9ಕ್ಕೆ ಹೋಗಿ ಮತ್ತೆ ಇಳಿಯಿತು. ಅಲ್ಲಿ ಹಳಿಯ ಎರಡು ತುಂಡು ಸೇರಿಸಿ ವೆಲ್ಡ್ ಮಾಡಿದ್ದಾರೆ. ಉಜ್ಜಿ ನುಣುಪು ಮಾಡಿದರೂ ಪೂರ್ತಿ ಹೋಗಲಿಲ್ಲ, ಯಾಕೆಂದರೆ ಅಲ್ಲಿ ಹಳಿಯೇ ಒಂಚೂರು ಏರಿದೆ.

ಇಡೀ ಗೇಟಿಗೆ ಒಂದೇ ಮಿತಿ ಇಟ್ಟರೆ ಏನಾಗುತ್ತದೆ ಎಂದು ಇದೇ ಲೆಕ್ಕದಲ್ಲಿ ನೋಡೋಣ. ಗಾಳಿ, ಧೂಳು ಎಂದು ಒಂದೂವರೆ ಆಂಪ್ ಸಡಿಲ ಬಿಡಬೇಕು. ಎಂಟನೇ ಅಡಿಯಲ್ಲಿ ಸುಮ್ಮಸುಮ್ಮನೆ ನಿಲ್ಲಬಾರದು ಎಂದರೆ ಮಿತಿ 5.4 ಆಂಪ್ ಆಗಬೇಕು. ಆದರೆ ಬೇರೆ ಕಡೆ ಗೇಟು ಓಡುವುದು 2.4ರಲ್ಲಿ. ಅಲ್ಲಿ ಮಗು ಸಿಕ್ಕಿಕೊಂಡರೆ ಇನ್ನೂ 3 ಆಂಪ್ ಏರುವವರೆಗೆ ಗೇಟು ತಳ್ಳುತ್ತಲೇ ಇರುತ್ತದೆ. ಓಡುವ ಗೇಟನ್ನು ಕೊಕ್ಕೆ ತಕ್ಕಡಿಯಿಂದ ಹಿಂದಕ್ಕೆ ಹಿಡಿದು ಅಳೆದಾಗ ನಮ್ಮ ಗೇರ್‌ಬಾಕ್ಸಿನಲ್ಲಿ 1 ಆಂಪಿಗೆ ಸುಮಾರು 5 ಕೆಜಿ ಬಲ ಎಂದು ಸಿಕ್ಕಿತ್ತು. ಅಂದರೆ ಒಂದು ಅಡಿಯ ತೊಂದರೆಗಾಗಿ ಉಳಿದ ಹನ್ನೊಂದು ಅಡಿಯಲ್ಲಿ 7–8 ಕೆಜಿ ಬದಲು 15 ಕೆಜಿ ಬಲಕ್ಕೆ ಬಿಟ್ಟಂತೆ. ಭಾರವಾಗಿ ಉರುಳುವ ಗೇಟಿನಲ್ಲಿ ಇದು ಇನ್ನೂ ಕೆಡುತ್ತದೆ. ಅಲ್ಲಿ ಘರ್ಷಣೆಯ ಏರಿಳಿತವೇ ಮಗುವಿನ ಕೈ ಕೊಡುವ ಸೂಚನೆಗಿಂತ ದೊಡ್ಡದಿರುತ್ತದೆ.

ಅದಕ್ಕೇ ಪ್ರತಿ ಅಡಿಗೂ ಬೇರೆ ಮಿತಿ ಇಟ್ಟೆ. ಮೋಟರ್ ಶಾಫ್ಟಿನಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್, ಎದುರಿಗೆ ಮ್ಯಾಗ್ನೆಟ್ ಹಾದಾಗಲೆಲ್ಲ ಒಂದು ಪಲ್ಸ್ ಕೊಡುವ ಹಾಲ್ ಸೆನ್ಸರ್. ಗೇರ್ 30ಕ್ಕೆ 1 ಆದ್ದರಿಂದ ಒಂದು ಪಲ್ಸಿಗೆ ಗೇಟು 6.7 ಮಿಮೀ ಸರಿಯುತ್ತದೆ. 45 ಪಲ್ಸ್ ಎಂದರೆ ಹೆಚ್ಚುಕಡಿಮೆ ಒಂದು ಅಡಿ. ಹನ್ನೆರಡು ಅಡಿ ಗೇಟಿಗೆ ಹನ್ನೆರಡು ಭಾಗ, ಎರಡು ದಿಕ್ಕಿಗೆ ಬೇರೆ ಬೇರೆ. ಯಾರೂ ಹತ್ತಿರ ಇಲ್ಲದಾಗ ಕಲಿಯುವ ಬಟನ್ ಒತ್ತಿ ಓಡಿಸಿದರೆ ಪ್ರತಿ ಭಾಗದ ಅತಿ ಹೆಚ್ಚಿನ ಕರೆಂಟನ್ನು ಬರೆದಿಟ್ಟುಕೊಳ್ಳುತ್ತದೆ. ಪಲ್ಸಿನ ಲೆಕ್ಕ ಲಿಮಿಟ್ ಸ್ವಿಚ್ ಮುಟ್ಟಿದಾಗಲೆಲ್ಲ ಹೊಸದಾಗಿ ಶುರುವಾಗುತ್ತದೆ, ಹಾಗಾಗಿ ತಪ್ಪು ಕೂಡುತ್ತಾ ಹೋಗುವುದಿಲ್ಲ.

ನಿರ್ಧಾರ ಮಾಡುವ ಭಾಗ ಇಷ್ಟೇ. ಇದು 10 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತದೆ:

```cpp
int amps = abs(analogRead(A0) - zeroCount);
bool settled = millis() - startMs > 700;

if (settled && amps > learned[dir][zone] + 30) {
  if (++over >= 4) stopAndReverse();
} else {
  over = 0;
}
if (millis() - lastPulseMs > 150) stopAndReverse();
```

30 ಎಣಿಕೆ ಎಂದರೆ ಆ ಒಂದೂವರೆ ಆಂಪ್. ಬ್ರಷ್‌ನ ಕಿಡಿಗೆ ಬೆದರಿ ನಿಲ್ಲಬಾರದು ಎಂದು ನಾಲ್ಕು ಸಲ ಸತತವಾಗಿ ಮೀರಿದರೆ ಮಾತ್ರ ಅಡ್ಡಿ ಎಂದು ಲೆಕ್ಕ. ಅದು 40 ಮಿಲಿಸೆಕೆಂಡ್, ಅಷ್ಟರಲ್ಲಿ ಗೇಟು 8 ಮಿಮೀ ಸರಿಯುತ್ತದೆ. ಶುರುವಿನ 9 ಆಂಪ್ ಏರಿಕೆಗಾಗಿ ಮೊದಲ 700 ಮಿಲಿಸೆಕೆಂಡ್ ಕರೆಂಟ್ ನೋಡುವುದಿಲ್ಲ. ಆ ಹೊತ್ತಿನಲ್ಲಿ ಕೊನೆಯ ಸಾಲು ಕಾಯುತ್ತದೆ: ಮೋಟರಿಗೆ ಕರೆಂಟ್ ಕೊಟ್ಟೂ ಪಲ್ಸ್ ಬರದಿದ್ದರೆ ಗೇಟು ಎಲ್ಲೋ ಸಿಕ್ಕಿಕೊಂಡಿದೆ. ಗೇಟು ಹೊರಡುವಾಗ `lastPulseMs` ಅನ್ನು ಆ ಕ್ಷಣಕ್ಕೆ ಹೊಂದಿಸಿಡಬೇಕು, ಇಲ್ಲದಿದ್ದರೆ ಹೊರಡುವ ಮೊದಲೇ ನಿಲ್ಲುತ್ತದೆ. `stopAndReverse()` ಗೇಟನ್ನು ನಿಲ್ಲಿಸಿ, ಅರ್ಧ ಸೆಕೆಂಡ್ ಬಿಟ್ಟು, ಒಂದು ಅಡಿ ಮಾತ್ರ ಹಿಂದಕ್ಕೆ ತರುತ್ತದೆ. ಪೂರ್ತಿ ಹಿಂದಕ್ಕೆ ಓಡಿಸಬಾರದು, ಆ ಕಡೆಯೂ ಯಾರಾದರೂ ಇರಬಹುದು.

ಹಳಿಯ ಸ್ಥಿತಿ ಬದಲಾಗುತ್ತಾ ಇರುತ್ತದೆ. ಮನೆ ಮುಂದೆ ಹೊಂಗೆ ಮರ ಇದೆ. ಅದರ ಹೂವು ಉದುರುವ ಕಾಲದಲ್ಲಿ ಹಳಿ ತುಂಬಿಕೊಳ್ಳುತ್ತದೆ, ಮಳೆ ಬಂದರೆ ಮಣ್ಣು ಸೇರುತ್ತದೆ. ಅದಕ್ಕಾಗಿ ಪ್ರತಿ ಸಲ ಅಡ್ಡಿಯಿಲ್ಲದೆ ಓಡಿದಾಗ ಕಲಿತ ಅಂಕೆಯನ್ನು ಹೊಸ ಓಟದ ಕಡೆಗೆ ಹದಿನಾರನೇ ಒಂದು ಪಾಲು ಸರಿಸುತ್ತೇನೆ. ಆದರೆ ಮೊದಲು ಕಲಿತದ್ದಕ್ಕಿಂತ 0.8 ಆಂಪ್ ಮೇಲೆ ಹೋಗಲು ಬಿಡುವುದಿಲ್ಲ. ಆ ಗೆರೆ ಇಲ್ಲದಿದ್ದರೆ ಹಳಿ ಕೊಳೆಯಾಗುತ್ತಾ ಹೋದಂತೆ ಗೇಟು ಜಾಸ್ತಿ ಜಾಸ್ತಿ ಬಲ ಹಾಕುವುದನ್ನೂ ಕಲಿತುಬಿಡುತ್ತದೆ. ಗೆರೆ ಮುಟ್ಟಿದರೆ ಬಝರ್ ಮೂರು ಸಲ ಕೂಗುತ್ತದೆ. ಪೊರಕೆ ತಗೊಂಡು ಹಳಿ ಗುಡಿಸಬೇಕು ಎಂದು ಅಕ್ಕನಿಗೆ ಗೊತ್ತು.

ತಕ್ಕಡಿ ಹೇಳಿದ್ದು

ಇಷ್ಟಾದ ಮೇಲೆ ನಿಜವಾಗಿ ಎಷ್ಟು ಬಲ ಬೀಳುತ್ತದೆ ಎಂದು ಅಳೆಯಬೇಕಿತ್ತು. ಮುಳ್ಳು ಇರುವ ಹಳೇ ಕಾಲದ, ಮೇಲೆ ನಿಂತು ನೋಡುವ ತೂಕದ ಯಂತ್ರವನ್ನು ಮರದ ಸ್ಟ್ಯಾಂಡಿಗೆ ಕಟ್ಟಿ, ಗೇಟು ಮುಚ್ಚಲು ಒಂದು ಅಡಿ ಇರುವ ಜಾಗದಲ್ಲಿ ಎದುರಿಗೆ ನಿಲ್ಲಿಸಿದೆ. ಡಿಜಿಟಲ್ ಯಂತ್ರ ಇದಕ್ಕೆ ಬರುವುದಿಲ್ಲ, ಅದು ಅಂಕೆ ಬದಲಿಸುವಷ್ಟರಲ್ಲಿ ಗುದ್ದು ಮುಗಿದಿರುತ್ತದೆ. ಮುಳ್ಳಿನದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದರೆ ಮುಳ್ಳು ಎಲ್ಲಿವರೆಗೆ ಹೋಯಿತು ಎಂದು ಕಾಣುತ್ತದೆ. ಮುಳ್ಳು ತನ್ನ ಓಟಕ್ಕೆ ಒಂದಿಷ್ಟು ಮುಂದೆ ಹೋಗಬಹುದು, ಆದ್ದರಿಂದ ಇದು ಅಂದಾಜೇ ಹೊರತು ಪ್ರಮಾಣಪತ್ರ ಅಲ್ಲ.

ಕಂಟ್ರೋಲರ್ ಸರಿಯಾಗಿಯೇ ಕೆಲಸ ಮಾಡಿತು. ಗೇಟು ನಿಂತಿತು, ಹಿಂದಕ್ಕೆ ಬಂತು. ಆದರೆ ಮುಳ್ಳು 100 ಕೆಜಿ ದಾಟಿತ್ತು.

"ಕರೆಂಟ್ ನೋಡಿ ನಿಲ್ಲುತ್ತೆ ಅಂದ್ಯಲ್ಲೋ?" ಎಂದು ಭಾವ ಕೇಳಿದರು. ಅದೂ ನಿಜ, ಇದೂ ನಿಜ. ಮೋಟರ್ ತಳ್ಳುವ ಬಲ ಬೇರೆ, ಓಡುತ್ತಿರುವ ಗೇಟಿನ ಗುದ್ದು ಬೇರೆ. 280 ಕೆಜಿ ಸೆಕೆಂಡಿಗೆ 20 ಸೆಂಮೀ ವೇಗದಲ್ಲಿ ಬಂದರೆ ಅದರಲ್ಲಿ 5.6 ಜೂಲ್ ಶಕ್ತಿ ಇರುತ್ತದೆ. ತಾಗಿದ ಮೇಲೆಯೇ ಕರೆಂಟ್ ಏರುವುದು. ಅಷ್ಟರಲ್ಲಿ ಆ ಶಕ್ತಿ ಎದುರಿಗಿದ್ದವರ ಮೈಮೇಲೆ ಬಿದ್ದಾಗಿರುತ್ತದೆ. ಕಬ್ಬಿಣದ ಅಂಚಿಗೆ ಗಟ್ಟಿ ವಸ್ತು ತಾಗಿದರೆ ಕೆಲವೇ ಮಿಮೀ ದೂರದಲ್ಲಿ ಅಷ್ಟೂ ಖರ್ಚಾಗಬೇಕು, ಹಾಗಾಗಿ ಬಲ ಅಷ್ಟು ಎತ್ತರಕ್ಕೆ ಹೋಗುತ್ತದೆ. ಇದನ್ನು ಪ್ರೋಗ್ರಾಮಿನಲ್ಲಿ ಎಷ್ಟು ತಿದ್ದಿದರೂ ಕಡಿಮೆ ಮಾಡಲಾಗದು.

ಇಳಿಸಲು ಎರಡೇ ದಾರಿ: ವೇಗ ತಗ್ಗಿಸುವುದು, ಅಂಚನ್ನು ಮೆತ್ತಗೆ ಮಾಡುವುದು. ಗೇಟಿನ ಮುಂದಿನ ಅಂಚಿಗೆ ಒಳಗೆ ಟೊಳ್ಳಿರುವ ದಪ್ಪ ರಬ್ಬರ್ ಪ್ರೊಫೈಲ್ ಹಾಕಿದೆ. ಅದು ಎರಡು ಬೆರಳಿನಷ್ಟು ಒಳಕ್ಕೆ ಕುಗ್ಗುತ್ತದೆ. ಅದೊಂದರಿಂದಲೇ ಮುಳ್ಳು 43 ಕೆಜಿಗೆ ಇಳಿಯಿತು. ಆಮೇಲೆ ಮುಚ್ಚುವಾಗ ಕೊನೆಯ 50 ಸೆಂಮೀನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದೆ. ವೇಗ ಅರ್ಧ ಆದರೆ ಶಕ್ತಿ ಕಾಲು ಭಾಗ. ಮುಳ್ಳು 26 ಕೆಜಿಯಲ್ಲಿ ನಿಂತಿತು. ವೇಗ ಬದಲಾದ ಮೇಲೆ ಕರೆಂಟನ್ನು ಮತ್ತೆ ಕಲಿಸಬೇಕು, ಮರೆಯಬಾರದು.

50 ಸೆಂಮೀ ಎಂದು ಆರಿಸಿದ್ದಕ್ಕೆ ಕಾರಣ ಇದೆ. ಯುರೋಪಿನ ಗೇಟುಗಳ ಮಾನದಂಡ ಇಎನ್ 12453ರಲ್ಲಿ ಮುಚ್ಚುವ ಅಂಚಿನ ಮುಂದೆ 5ರಿಂದ 50 ಸೆಂಮೀ ಸಂದು ಉಳಿದಿರುವಾಗ ಗುದ್ದಿನ ಬಲ 400 ನ್ಯೂಟನ್, ಅಂದರೆ ಸುಮಾರು 40 ಕೆಜಿ ಮೀರಬಾರದು ಎಂದಿದೆ. ಮನುಷ್ಯ ಗೇಟಿಗೂ ಕಂಬಕ್ಕೂ ನಡುವೆ ಜಜ್ಜಿಕೊಳ್ಳುವುದು ಆ ಸಂದಿನಲ್ಲೇ. ಮುಕ್ಕಾಲು ಸೆಕೆಂಡಿನೊಳಗೆ ಅದು 150 ನ್ಯೂಟನ್‌ಗೆ ಇಳಿಯಬೇಕು. ಗೇಟು ತಕ್ಷಣ ಹಿಂದಕ್ಕೆ ಬರಬೇಕಾದದ್ದು ಅದಕ್ಕೇ.

ತಾಗುವ ಮೊದಲೇ

ಇಷ್ಟೆಲ್ಲ ತಾಗಿದ ಮೇಲಿನ ಕಥೆ. ತಾಗದಂತೆ ನೋಡಿಕೊಳ್ಳುವುದು ಫೋಟೋಸೆಲ್: ಒಂದು ಕಣ್ಣು ಬೆಳಕು ಬಿಡುತ್ತದೆ, ಎದುರಿನ ರಿಸೀವರಿಗೆ ಅದು ಸಿಗದಿದ್ದರೆ ನಡುವೆ ಏನೋ ಅಡ್ಡ ಇದೆ. ಒಂದು ಜೋಡಿಯನ್ನು ನೆಲದಿಂದ 50 ಸೆಂಮೀ ಎತ್ತರದಲ್ಲಿ ಹಾಕಿದೆ, ಅದು ಕಾರಿಗೆ ಮತ್ತು ನಿಂತ ಮನುಷ್ಯರಿಗೆ. ಮಲಗಿದ ನಾಯಿ ಅದರ ಕೆಳಗೇ ಉಳಿಯುತ್ತದೆ. ಅದಕ್ಕೆ 20 ಸೆಂಮೀ ಎತ್ತರದಲ್ಲಿ ಇನ್ನೊಂದು ಜೋಡಿ. ಎರಡೂ ಜೋಡಿಯ ಬೆಳಕು ಬಿಡುವ ಕಣ್ಣನ್ನು ಒಂದೇ ಕಂಬದಲ್ಲಿ ಇಟ್ಟರೆ ಒಂದರ ಬೆಳಕು ಇನ್ನೊಂದರ ರಿಸೀವರಿಗೂ ಬಿದ್ದು, ನಾಯಿ ಅಡ್ಡ ಇದ್ದರೂ ದಾರಿ ಖಾಲಿ ಎನ್ನುತ್ತದೆ. ಒಂದನ್ನು ಎಡಗಂಬದಿಂದ, ಇನ್ನೊಂದನ್ನು ಬಲಗಂಬದಿಂದ ಬಿಡಬೇಕು.

ಫೋಟೋಸೆಲ್‌ನ ರಿಲೇ ಅಂಟಿಕೊಂಡರೆ ಅದು ಯಾವಾಗಲೂ ಖಾಲಿ ಎಂದೇ ಹೇಳುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಗೇಟು ಮುಚ್ಚುವ ಮೊದಲು ಪ್ರತಿ ಸಲ ಕಂಟ್ರೋಲರ್ ಬೆಳಕು ಬಿಡುವ ಕಣ್ಣಿನ ಸಪ್ಲೈಯನ್ನು ಒಂದು ಕ್ಷಣ ತೆಗೆಯುತ್ತದೆ. ಆಗ ರಿಸೀವರ್ ಅಡ್ಡಿ ಇದೆ ಎನ್ನಲೇಬೇಕು. ಅನ್ನದಿದ್ದರೆ ಗೇಟು ಮುಚ್ಚುವುದಿಲ್ಲ. ಒಂದು ಟ್ರಾನ್ಸಿಸ್ಟರ್ ಮತ್ತು ನಾಲ್ಕು ಸಾಲಿನ ಕೆಲಸ ಇದು. ಜೇಡ ಬಲೆ ಕಟ್ಟಿದರೆ ಗೇಟು ಮುಚ್ಚದೆ ನಿಲ್ಲುತ್ತದೆ, ಬಟ್ಟೆಯಿಂದ ಒರೆಸಿದರೆ ಸರಿಯಾಗುತ್ತದೆ. ಅದರಿಂದ ಯಾರಿಗೂ ಅಪಾಯವಿಲ್ಲ.

ಬ್ಯಾಟರಿಯೂ ಮುಗಿದು ಕಂಟ್ರೋಲರ್ ಆಫ್ ಆಗಿ, ಮತ್ತೆ ಕರೆಂಟ್ ಬಂದಾಗ ಗೇಟು ತಾನಾಗಿ ಕದಲಬಾರದು. ಪಲ್ಸಿನ ಲೆಕ್ಕ ಹೋಗಿರುವುದರಿಂದ ಮೊದಲ ಓಟ ಪೂರ್ತಿ ಅರ್ಧ ವೇಗದಲ್ಲೇ, ಲಿಮಿಟ್ ಸ್ವಿಚ್ ಸಿಗುವವರೆಗೆ. ಯಾವ ಅಡಿಯಲ್ಲಿದೆ ಎಂದು ತಿಳಿಯದ ಕಾರಣ ಆ ಓಟಕ್ಕೆ ಮಾತ್ರ ಒಂದೇ ಮಿತಿ. ಬಟನ್ ಒತ್ತಿದವರು ಎದುರಿಗೆ ನಿಂತು ನೋಡುತ್ತಿರಬೇಕು. 230 ವೋಲ್ಟ್ ಭಾಗ, ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಟ್ಟೆ.

ಒಂದು ಜಾಗಕ್ಕೆ ಇವು ಯಾವುದೂ ಸಾಲುವುದಿಲ್ಲ. ಗೇಟು ತೆರೆಯುವಾಗ ಅದರ ಕಂಬಿಗಳು ಕಂಬದ ಪಕ್ಕದಲ್ಲೇ ಸರಿದು ಹೋಗುತ್ತವೆ. ಮಗು ಕಂಬಿ ಹಿಡಿದು ಒಳಕ್ಕೆ ಕೈ ಹಾಕಿ ನಿಂತಿದ್ದರೆ ಕಂಬಿ ಮತ್ತು ಕಂಬದ ನಡುವೆ ಕೈ ಸಿಗುತ್ತದೆ. ಫೋಟೋಸೆಲ್‌ಗೆ ಅದು ಕಾಣುವುದಿಲ್ಲ. ಬೆರಳು ಮುರಿಯಲು 7 ಕೆಜಿಗಿಂತ ಜಾಸ್ತಿ ಬೇಕಾಗಿಲ್ಲದಿರಬಹುದು, ಕರೆಂಟ್ ಏರುವವರೆಗೆ ಕಾಯುವಂತಿಲ್ಲ. ಇದಕ್ಕೆ ಇರುವ ದಾರಿ ಕೈ ತೂರದಂತೆ ಕಂಬಿಗಳನ್ನು ಮುಚ್ಚುವುದು. ಗೇಟಿನ ಹೊರಗೂ ಒಳಗೂ, ನೆಲದಿಂದ ಆಳೆತ್ತರದವರೆಗೆ, ಮಗುವಿನ ಬೆರಳು ನುಗ್ಗದ ಸಣ್ಣ ಕಣ್ಣಿನ ಜಾಲರಿ ಹಾಕಿಸುತ್ತಿದ್ದೇನೆ. ಅದರಿಂದ ಗೇಟಿನ ತೂಕ ಹೆಚ್ಚುತ್ತದೆ, ಗಾಳಿಯೂ ಸ್ವಲ್ಪ ಹಿಡಿಯುತ್ತದೆ. ವೆಲ್ಡರ್ ಕೆಲಸ ಮುಗಿಸಿದ ಮೇಲೆ ಮತ್ತೆ ಕೊಕ್ಕೆ ತಕ್ಕಡಿಯಿಂದ ಎಳೆದು, ಹನ್ನೆರಡು ಅಡಿಯನ್ನೂ ಹೊಸದಾಗಿ ಕಲಿಸಿ, ತೂಕದ ಯಂತ್ರಕ್ಕೆ ಇನ್ನೊಂದು ಸಲ ಗುದ್ದಿಸಬೇಕು. ಅಲ್ಲಿಯವರೆಗೆ ರಿಮೋಟ್ ಭಾವನ ಕಪಾಟಿನಲ್ಲೇ ಇದೆ, ಗೇಟನ್ನು ಕ್ಲಚ್ ಬಿಡಿಸಿ ಕೈಯಲ್ಲೇ ತಳ್ಳುತ್ತಿದ್ದಾರೆ.